ಬಾಯಿಗೂ ಮೈಕಿಗೂ ಎಷ್ಟು ದೂರ?

ಫೋನಿನಲ್ಲಿ ತೆಗೆದ ವಿಡಿಯೊದಲ್ಲಿ ಮಾತು ಸರಿಯಾಗಿ ಕೇಳದಿದ್ದರೆ ಮೈಕ್ ಕಳಪೆ ಎಂದುಕೊಳ್ಳುವವರೇ ಹೆಚ್ಚು. ಬಹಳ ಸಲ ತಪ್ಪು ಇರುವುದು ದೂರದಲ್ಲಿ. ಬಾಯಿಗೂ ಮೈಕಿಗೂ ನಡುವಿನ ಅಂತರ ಎರಡು ಪಟ್ಟಾದರೆ ಮೈಕನ್ನು ನೇರವಾಗಿ ತಲುಪುವ ಮಾತಿನ ಮಟ್ಟ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಫ್ಯಾನಿನ ಸದ್ದು, ರಸ್ತೆಯ ಹಾರ್ನ್, ಗೋಡೆಗೆ ಬಡಿದು ಮರಳುವ ಧ್ವನಿ ಮಾತ್ರ ಹೆಚ್ಚೂಕಡಿಮೆ ಇದ್ದಷ್ಟೇ ಇರುತ್ತವೆ. ಯಾವ ಮೈಕ್ ಕೊಳ್ಳಬೇಕು ಎನ್ನುವುದಕ್ಕಿಂತ ಮೊದಲು ಅದನ್ನು ಬಾಯಿಗೆ ಎಷ್ಟು ಹತ್ತಿರ ಒಯ್ಯಬಹುದು ಎಂದು ಯೋಚಿಸಬೇಕಾದದ್ದು ಇದಕ್ಕೇ.

ತರಗತಿಯ ಪಾಠವನ್ನೇ ನೋಡಬಹುದು. ಶಿಕ್ಷಕಿ ಬೋರ್ಡಿನ ಬಳಿ ನಿಂತಿದ್ದಾರೆ, ಫೋನು 4 ಮೀಟರ್ ಹಿಂದೆ ಟ್ರೈಪಾಡಿನ ಮೇಲಿದೆ. ಫೋನಿನೊಳಗಿನ ಮೈಕ್ ಎಲ್ಲ ದಿಕ್ಕಿನ ಸದ್ದನ್ನೂ ಸರಿಸುಮಾರು ಒಂದೇ ರೀತಿ ಹಿಡಿಯುತ್ತದೆ. ಸಿಮೆಂಟಿನ ಗೋಡೆ, ಆರ್‌ಸಿಸಿ ತಾರಸಿ, ಬರಿ ನೆಲದ ಕೋಣೆಯಲ್ಲಿ ಆ ದೂರಕ್ಕೆ ನೇರ ಮಾತಿಗಿಂತ ಮರುದನಿಯೇ ಹೆಚ್ಚಾಗಿ, ಪಾಠ ಬಾವಿಯೊಳಗಿನಿಂದ ಬಂದಂತೆ ಕೇಳುತ್ತದೆ. ಇದರ ಜೊತೆಗೆ, ಸದ್ದು ಕಡಿಮೆಯಾದಾಗ ಫೋನು ತಾನಾಗಿ ಮಟ್ಟವನ್ನು ಏರಿಸಿಕೊಳ್ಳುತ್ತದೆ. ಶಿಕ್ಷಕಿ ಮಾತು ನಿಲ್ಲಿಸಿದ ಕೂಡಲೇ ಫ್ಯಾನಿನ ಸದ್ದು ಉಬ್ಬಿ ಬಂದರೆ ಇದೇ ನಡೆಯುತ್ತಿದೆ ಎಂದು ತಿಳಿಯಬಹುದು.

ಅದೇ ಶಿಕ್ಷಕಿಗೆ ಲ್ಯಾವಲಿಯರ್, ಅಂದರೆ ಎಲ್ಲರೂ ಕಾಲರ್ ಮೈಕ್ ಎನ್ನುವ ಪುಟ್ಟ ಮೈಕನ್ನು, ಗಲ್ಲದಿಂದ ಗೇಣು ಕೆಳಗೆ ಸಿಕ್ಕಿಸಿದರೆ ಅಂತರ 4 ಮೀಟರಿನಿಂದ 20 ಸೆಂಟಿಮೀಟರಿಗೆ ಇಳಿಯುತ್ತದೆ. ಇಪ್ಪತ್ತನೇ ಒಂದು ಭಾಗದ ಈ ದೂರದಲ್ಲಿ ನೇರ ಮಾತು ಸುಮಾರು 26 ಡೆಸಿಬೆಲ್ ಮೇಲೇರುತ್ತದೆ. ಈ ಮೈಕೂ ಸಾಮಾನ್ಯವಾಗಿ ಎಲ್ಲ ದಿಕ್ಕಿನಿಂದ ಕೇಳುವಂಥದ್ದೇ. ಅದರ ಬಲವೆಲ್ಲ ಸಾಮೀಪ್ಯದಲ್ಲಿದೆ. ತೊಂದರೆ ಬರುವುದು ಬಟ್ಟೆಯಿಂದ: ಸೆರಗು, ಸರ, ಕೊರಳಿನ ಐಡಿ ಕಾರ್ಡು ಉಜ್ಜಿದರೆ ಪಾಠದುದ್ದಕ್ಕೂ ಪರಪರ ಸದ್ದು ಕೇಳುತ್ತದೆ. ಮೈಕ್ ಇವುಗಳಿಗೆ ತಾಗದಂತಿರಬೇಕು. ವೈರನ್ನು ಕ್ಲಿಪ್ಪಿನ ಬಳಿ ಒಂದು ಸುತ್ತು ಸಡಿಲ ಬಿಟ್ಟು ಸಿಕ್ಕಿಸಿದರೆ ಎಳೆತದ ಸದ್ದು ಮೈಕಿಗೆ ದಾಟುವುದಿಲ್ಲ. ಮಕ್ಕಳ ಪ್ರಶ್ನೆಗಳು ಇದರಲ್ಲಿ ಕ್ಷೀಣವಾಗಿಯೇ ಕೇಳುತ್ತವೆ. ಶಿಕ್ಷಕಿ ಪ್ರಶ್ನೆಯನ್ನು ಮತ್ತೊಮ್ಮೆ ಹೇಳಿ ಉತ್ತರಿಸುವುದೇ ಇದಕ್ಕಿರುವ ಸುಲಭದ ದಾರಿ.

ದುಡ್ಡು ಖರ್ಚು ಮಾಡದೆಯೂ ಇದೇ ಲಾಭ ಪಡೆಯಬಹುದು. ಇನ್ನೊಂದು ಫೋನನ್ನು ರೆಕಾರ್ಡರ್ ಮಾಡಿ ಶಿಕ್ಷಕಿಯ ಮುಂದಿನ ಮೇಜಿನ ಮೇಲಿಟ್ಟು, ಆರಂಭದಲ್ಲಿ ಎರಡೂ ಫೋನುಗಳಿಗೆ ಕೇಳುವಂತೆ ಒಂದು ಚಪ್ಪಾಳೆ ತಟ್ಟಿದರೆ, ಎಡಿಟಿಂಗ್ ವೇಳೆ ಆ ಚಪ್ಪಾಳೆಯನ್ನೇ ಗುರುತಾಗಿಟ್ಟು ಧ್ವನಿಯನ್ನೂ ಚಿತ್ರವನ್ನೂ ಹೊಂದಿಸಬಹುದು.

ಶಾಟ್‌ಗನ್ ಮೈಕ್ ದೂರದ ಮಾತನ್ನು ಹತ್ತಿರ ಎಳೆದು ತರುತ್ತದೆ ಎಂಬ ನಂಬಿಕೆ ಬೇರೂರಿದೆ. ಅದು ಹಾಗೆ ಎಳೆಯುವುದಿಲ್ಲ. ಅದರ ಉದ್ದ ಕೊಳವೆಯ ಸೀಳುಗಳು ಪಕ್ಕದಿಂದ ಬರುವ ಸದ್ದಿನ ಅಲೆಗಳು ಒಂದನ್ನೊಂದು ಅಳಿಸುವಂತೆ ಮಾಡುತ್ತವೆ, ಅಷ್ಟೇ. ಕೀರಲು ಸದ್ದುಗಳ ಮೇಲೆ ಇದು ಚೆನ್ನಾಗಿ ನಡೆಯುತ್ತದೆ. ಲಾರಿ, ಜನರೇಟರಿನಂಥ ಮಂದ್ರ ಸದ್ದು ತಗ್ಗುವುದು ಕಡಿಮೆ. ಮರುದನಿ ತುಂಬಿದ ತರಗತಿಯಲ್ಲಿ ಮಾತು ಎಲ್ಲ ಕಡೆಯಿಂದಲೂ ಮರಳುವುದರಿಂದ ಈ ಮೈಕಿನಲ್ಲಿ ಧ್ವನಿ ಟೊಳ್ಳಾಗುವುದುಂಟು.

ಸಂದರ್ಶನದಲ್ಲಿ ಇದಕ್ಕೆ ನಿಜವಾದ ಬೆಲೆಯಿದೆ. ಪರದೆ, ಸೋಫಾ, ಹಾಸುಗಳಿರುವ ಕೋಣೆಯಲ್ಲಿ ಕೋಲಿಗೆ ಕಟ್ಟಿ, ಚೌಕಟ್ಟಿನ ಸ್ವಲ್ಪ ಹೊರಗೆ, ತಲೆಗಿಂತ ಮೇಲೆ, ಎರಡು ಅಡಿ ಅಂತರದಲ್ಲಿ, ಎದೆಯತ್ತ ಬಾಗಿಸಿ ಹಿಡಿದರೆ ಸಹಜವಾದ ಧ್ವನಿ ಸಿಗುತ್ತದೆ, ಬಟ್ಟೆಯ ಉಜ್ಜುವಿಕೆಯೂ ಇಲ್ಲ. ಅದೇ ಮೈಕನ್ನು 3 ಮೀಟರ್ ದೂರದ ಕ್ಯಾಮೆರಾದ ತಲೆಯ ಮೇಲೆ ಕೂರಿಸಿದರೆ ಹಾಕಿದ ಹಣದ ಬಹುಪಾಲು ವ್ಯರ್ಥ. ಕೋಲು ಹಿಡಿಯಲು ಜನವಿಲ್ಲದಿದ್ದರೆ ಇಬ್ಬರಿಗೂ ಒಂದೊಂದು ಕಾಲರ್ ಮೈಕ್ ಹಾಕುವುದೇ ಮೇಲು.

ಹೊರಾಂಗಣದಲ್ಲಿ ಮೊದಲ ಶತ್ರು ಗಾಳಿ. ಅದು ಮೈಕಿಗೆ ಬಡಿದಾಗ ಹುಟ್ಟುವ ಗುಡುಗಿನಂಥ ಸದ್ದನ್ನು ಆಮೇಲೆ ಶುದ್ಧವಾಗಿ ತೆಗೆಯಲಾಗದು. ಸ್ಪಂಜಿನ ಟೋಪಿ ಮೆಲುಗಾಳಿಗೆ ಸಾಕು. ಗದ್ದೆ, ಬೆಟ್ಟ, ಕಡಲತೀರದಲ್ಲಿ ಉದ್ದ ಕೂದಲಿನ ತುಪ್ಪಳದ ಕವಚವೇ ಬೇಕು. ಶಾಟ್‌ಗನ್ನನ್ನು ಮುಖಕ್ಕೆ ನೇರವಾಗಿ ಹಿಡಿದರೆ ಅದೇ ಗೆರೆಯ ಹಿಂದಿರುವ ರಸ್ತೆಯೂ ಸ್ಪಷ್ಟವಾಗಿ ಕೇಳುತ್ತದೆ. ಮೇಲಿನಿಂದ ಕೆಳಕ್ಕೆ ಹಿಡಿದಾಗ ಮಾತಿನ ಹಿಂದೆ ಇರುವುದು ನೆಲ ಮಾತ್ರ. ವೈರ್‌ಲೆಸ್ ಕಾಲರ್ ಮೈಕಿನಲ್ಲಿ ಮಾತು ತುಂಡಾಗುತ್ತಿದ್ದರೆ ಟ್ರಾನ್ಸ್‌ಮಿಟರ್ ಬೆನ್ನ ಹಿಂದಿದೆಯೇ ನೋಡಬೇಕು. ಸಾಮಾನ್ಯವಾದ 2.4 ಗಿಗಾಹರ್ಟ್ಸ್ ತರಂಗಗಳನ್ನು ಮನುಷ್ಯನ ಮೈ ತಡೆಯುತ್ತದೆ.

ಮೈಕ್ ಸಿಕ್ಕಿಸಿದರೂ ಫೋನು ತನ್ನ ಒಳಮೈಕಿನಿಂದಲೇ ಧ್ವನಿ ತೆಗೆದುಕೊಳ್ಳುವುದುಂಟು. ಕ್ಯಾಮೆರಾಕ್ಕೆಂದು ಮಾಡಿದ ಎರಡು ಕಪ್ಪು ಗೆರೆಗಳ ಪಿನ್ನು, ಮೂರು ಗೆರೆಗಳ ಪಿನ್ನು ಬೇಡುವ ಫೋನಿಗೆ ಹೊಂದದಿರುವುದು ಇದಕ್ಕೆ ಸಾಮಾನ್ಯ ಕಾರಣ. ನಡುವೆ ಸರಿಯಾದ ಅಡಾಪ್ಟರ್ ಹಾಕಬೇಕು. ಚಿತ್ರೀಕರಣಕ್ಕೆ ಮುಂಚೆ ರೆಕಾರ್ಡಿಂಗ್ ಶುರುಮಾಡಿ ಮೊದಲು ಹೊರಮೈಕನ್ನು, ಆಮೇಲೆ ಫೋನಿನ ಅಂಚನ್ನು ಉಗುರಿನಿಂದ ಮೆಲ್ಲಗೆ ಕೆರೆದು, ಇಯರ್‌ಫೋನ್ ಹಾಕಿ ಕೇಳಿದರೆ ಯಾವ ಮೈಕ್ ಕೆಲಸ ಮಾಡುತ್ತಿದೆ ಎಂಬುದು ಗೊತ್ತಾಗುತ್ತದೆ.