ಸೋತವನೂ ಹಣ ತೆರುವ ಹರಾಜು

ಹರಾಜು ಎಂದರೆ ನಮಗೆಲ್ಲ ತಿಳಿದದ್ದೇ. ನಮ್ಮ ಸೀಮೆಯ ಜಾತ್ರೆಗಳಲ್ಲಿ ದೇವರ ತೆಂಗಿನಕಾಯಿಯ ಸವಾಲು ನಡೆದಾಗ ಹೆಚ್ಚು ಕೂಗಿದವನು ಹಣ ಕೊಟ್ಟು ಕಾಯಿ ಒಯ್ಯುತ್ತಾನೆ. ಉಳಿದವರು ಕಿಸೆಯ ಹಣವನ್ನು ಕಿಸೆಯಲ್ಲಿಯೇ ಇಟ್ಟುಕೊಂಡು ಮನೆಗೆ ಮರಳುತ್ತಾರೆ. ಆದರೆ ಅದೇ ಜಾತ್ರೆಯ ಕುಸ್ತಿಯ ಕಣದಲ್ಲಿ ನ್ಯಾಯ ಬೇರೆ. ಗೆದ್ದ ಪೈಲವಾನನಿಗೆ ಬಹುಮಾನ ಉಂಟು. ಸೋತವನು ವರ್ಷವಿಡೀ ಕುಡಿದ ಹಾಲು, ತಿಂದ ಬದಾಮಿ, ಮಾಡಿದ ಸಾಮು ಯಾವುದೂ ಹಿಂದಿರುಗುವುದಿಲ್ಲ. ಗೆಲ್ಲಲಿ, ಸೋಲಲಿ, ಕೂಗಿದ್ದನ್ನು ಎಲ್ಲರೂ ತೆರಲೇಬೇಕಾದ ಇಂಥ ಸ್ಪರ್ಧೆಯನ್ನು ಅರ್ಥಶಾಸ್ತ್ರಜ್ಞರು ‘ಸರ್ವಪಾವತಿ ಹರಾಜು’ ಎಂದು ಭಾವಿಸುತ್ತಾರೆ.

ಸರ್ಕಾರದ ಮುಂದೆ ನಡೆಯುವ ಲಾಬಿಯೂ ಈ ಬಗೆಯದೇ. 2017ರ ಮಾರ್ಚ್ ತಿಂಗಳ ರಾಜ್ಯ ಬಜೆಟ್ಟಿನಲ್ಲಿ 49 ಹೊಸ ತಾಲೂಕುಗಳು ಘೋಷಿತವಾದವು. ಅಥಣಿಯಿಂದ ಬೇರ್ಪಟ್ಟ ಕಾಗವಾಡವೂ ಚಿಕ್ಕೋಡಿಯಿಂದ ಬೇರ್ಪಟ್ಟ ನಿಪ್ಪಾಣಿಯೂ ಅವುಗಳಲ್ಲಿದ್ದವು. ಮಂಗಸೂಳಿ ಕಾಗವಾಡ ತಾಲೂಕಿಗೆ ಸೇರಿತು. 1997ರಲ್ಲಿ 7 ಹೊಸ ಜಿಲ್ಲೆಗಳು ರಚಿತವಾದಾಗಲಾದರೋ ಚಿಕ್ಕೋಡಿ, ಗೋಕಾಕಗಳಿಗೆ ಆ ಭಾಗ್ಯ ಒದಗಲಿಲ್ಲ. ಇಂಥ ಬೇಡಿಕೆಗಾಗಿ ಒಂದು ಊರು ಕಳಿಸಿದ ನಿಯೋಗ, ಬರೆದ ಮನವಿ, ಮುಚ್ಚಿದ ಅಂಗಡಿಗಳ ದಿನದ ಗಳಿಕೆ ಇವೆಲ್ಲ ಕೂಗಿದ ಹಣವೇ. ಬೇಡಿಕೆ ಈಡೇರದಿದ್ದರೂ ಅದನ್ನು ಯಾರೂ ಮರಳಿ ಕೊಡುವುದಿಲ್ಲ.

ಹಾಗಿದ್ದರೆ ಜಾಣನಾದವನು ಎಷ್ಟು ಕೂಗಬೇಕು? ಒಂದು ಕಲ್ಪಿತ ಲೆಕ್ಕವನ್ನು ತೆಗೆದುಕೊಳ್ಳೋಣ. ಒಂದೇ ಕಚೇರಿಗಾಗಿ ಎರಡು ಊರುಗಳು ಸ್ಪರ್ಧಿಸುತ್ತಿವೆ. ಅದರ ಬೆಲೆ ದೊಡ್ಡ ಊರಿಗೆ 10 ಲಕ್ಷ ರೂಪಾಯಿ, ಸಣ್ಣ ಊರಿಗೆ 6 ಲಕ್ಷ. ಇದು ಇಬ್ಬರಿಗೂ ಗೊತ್ತು. ಸಣ್ಣ ಊರು 6 ಲಕ್ಷವನ್ನು ಮೀರುವುದಿಲ್ಲ. ಆದ್ದರಿಂದ ದೊಡ್ಡ ಊರೂ ಮೀರಬೇಕಾಗಿಲ್ಲ. ದೊಡ್ಡ ಊರು 6 ಲಕ್ಷವನ್ನೇ ಖಚಿತವಾಗಿ ಕೂಗುವುದಾದರೆ ಸಣ್ಣ ಊರು ಸುಮ್ಮನೆ ಕೂಡುತ್ತದೆ. ಎದುರಾಳಿ ಸುಮ್ಮನಿದ್ದರೆ ದೊಡ್ಡ ಊರಿಗೆ ಅಷ್ಟು ತೆರುವ ಕಾರಣವೇ ಇಲ್ಲ, ಕೂಗು ಕೆಳಗಿಳಿಯುತ್ತದೆ. ಇಳಿದೊಡನೆ ಸಣ್ಣ ಊರು ಒಂದು ರೂಪಾಯಿ ಮೇಲೆ ಹಾಕಿ ಗೆಲ್ಲಬಹುದು. ಹೀಗೆ ಯಾವ ನಿಶ್ಚಿತ ಮೊತ್ತವೂ ನಿಲ್ಲುವುದಿಲ್ಲ. ಎದುರಾಳಿ ಊಹಿಸಲಾಗದಂತೆ ಕೂಗುವುದೊಂದೇ ದಾರಿ.

ಆ ಊಹಿಸಲಾಗದಿರುವಿಕೆಗೂ ಒಂದು ಕ್ರಮವುಂಟು. ದೊಡ್ಡ ಊರು ಸೊನ್ನೆಯಿಂದ 6 ಲಕ್ಷದವರೆಗಿನ ಯಾವ ಮೊತ್ತವನ್ನಾದರೂ ಸಮಾನ ಸಂಭವದಿಂದ ಆರಿಸುತ್ತದೆ. ಸಣ್ಣ ಊರು 100ಕ್ಕೆ 40 ಪಾಲು ಕಣಕ್ಕೇ ಇಳಿಯುವುದಿಲ್ಲ. ಉಳಿದ 60 ಪಾಲು ಅದೂ ಹಾಗೆಯೇ ಆರಿಸುತ್ತದೆ. ಪರೀಕ್ಷಿಸಿ ನೋಡೋಣ. ಸಣ್ಣ ಊರು 3 ಲಕ್ಷ ಕೂಗಿದರೆ ಗೆಲ್ಲುವ ಸಂಭವ ಅರ್ಧ. 6 ಲಕ್ಷದ ಅರ್ಧ 3 ಲಕ್ಷ, ಖರ್ಚೂ 3 ಲಕ್ಷ, ನಿವ್ವಳ ಲಾಭ ಸೊನ್ನೆ. ದೊಡ್ಡ ಊರು ಅದೇ 3 ಲಕ್ಷ ಕೂಗಿದರೆ ಗೆಲ್ಲುವ ಸಂಭವ 100ಕ್ಕೆ 70. 7 ಲಕ್ಷದಲ್ಲಿ 3 ಕಳೆದು 4 ಲಕ್ಷ ಉಳಿಯುತ್ತದೆ. 6 ಲಕ್ಷ ಕೂಗಿದರೆ ಗೆಲುವು ಖಚಿತ. ಆಗಲೂ ಉಳಿಯುವುದು 4 ಲಕ್ಷವೇ. ಯಾವ ಮೊತ್ತ ಕೂಗಿದರೂ ಫಲ ಒಂದೇ ಆದಕಾರಣ ಯಾರಿಗೂ ತಮ್ಮ ರೀತಿಯನ್ನು ಬದಲಿಸುವ ಆಸೆ ಹುಟ್ಟುವುದಿಲ್ಲ. ಸಮತೋಲವೆಂದರೆ ಇದೇ.

ಸರಾಸರಿಯಲ್ಲಿ ದೊಡ್ಡ ಊರು 3 ಲಕ್ಷ, ಸಣ್ಣ ಊರು 1 ಲಕ್ಷ 80 ಸಾವಿರ ತೆರುತ್ತವೆ. ಒಟ್ಟು 4 ಲಕ್ಷ 80 ಸಾವಿರ. ಎರಡೂ ಊರುಗಳಿಗೆ ಕಚೇರಿಯ ಬೆಲೆ 6 ಲಕ್ಷವೇ ಆಗಿದ್ದರೆ ಯಾರೂ ಹಿಂಜರಿಯುವುದಿಲ್ಲ. ಒಟ್ಟು ಖರ್ಚು ಸರಾಸರಿ 6 ಲಕ್ಷವಾಗಿ, ಬಹುಮಾನದ ಬೆಲೆಯಷ್ಟೂ ಸ್ಪರ್ಧೆಯಲ್ಲಿಯೇ ಕರಗಿಹೋಗುತ್ತದೆ. ಸಮಬಲರ ಕಾಳಗವೇ ಅತ್ಯಂತ ದುಬಾರಿ. ಇದರಿಂದ ಬೇಯ್, ಕೊವೆನಾಕ್, ಡಿ ವ್ರೀಸ್ ಎಂಬ ವಿದ್ವಾಂಸರು 1993ರಲ್ಲಿ ಒಂದು ವಿಚಿತ್ರ ನಿರ್ಣಯಕ್ಕೆ ಬಂದರು. ಲಾಬಿಯ ಹಣ ತನಗೇ ಸೇರುವ ಅಧಿಕಾರಸ್ಥನಿದ್ದರೆ, ಅತಿ ಪ್ರಬಲನಾದ ಸ್ಪರ್ಧಿಯನ್ನು ಮೊದಲೇ ಹೊರಗಿಡುವುದು ಅವನಿಗೆ ಲಾಭವಾಗಬಹುದು. ನಮ್ಮ ಲೆಕ್ಕದಲ್ಲಿ 6 ಲಕ್ಷದ ಮೂರನೆಯ ಊರೊಂದಿದ್ದರೆ, ದೊಡ್ಡ ಊರನ್ನು ಹೊರಗಿಟ್ಟಾಗ ಅವನ ಗಳಿಕೆ 4.8ರಿಂದ 6 ಲಕ್ಷಕ್ಕೆ ಏರುತ್ತದೆ. ಕಚೇರಿ ಹೆಚ್ಚು ಉಪಯೋಗವಾಗುವ ಊರೇ ಪಟ್ಟಿಯಿಂದ ಬಿಟ್ಟುಹೋಗಿದ್ದರೆ, ಅದಕ್ಕೆ ಅಲಕ್ಷ್ಯವೊಂದೇ ಕಾರಣವಾಗಿರಬೇಕಿಲ್ಲ.

ಈ ಲೆಕ್ಕಕ್ಕೆ ಮಿತಿಯೂ ಇದೆ. ಹೆಚ್ಚು ಖರ್ಚು ಮಾಡಿದವನೇ ನಿಶ್ಚಯವಾಗಿ ಗೆಲ್ಲುತ್ತಾನೆಂದು ಇದು ಹಿಡಿಯುತ್ತದೆ. ಖರ್ಚು ಗೆಲುವಿನ ಸಂಭವವನ್ನು ಮಾತ್ರ ಹೆಚ್ಚಿಸುವ, ಲಾಟರಿಯಂಥ ಸ್ಪರ್ಧೆಯೂ ಉಂಟು. ಗಾರ್ಡನ್ ಟುಲಕ್ ವಿವೇಚಿಸಿದ ಆ ಬಗೆಯಲ್ಲಿ, ಖರ್ಚಿನ ಪಾಲಿಗೆ ತಕ್ಕಷ್ಟೇ ಸಂಭವ ದೊರೆಯುವುದಾದರೆ, ಸಮಬಲದ ಇಬ್ಬರು ಸೇರಿ ಬಹುಮಾನದ ಅರ್ಧದಷ್ಟನ್ನು ಮಾತ್ರ ವ್ಯಯಿಸುತ್ತಾರೆ. ಎರಡರಲ್ಲಿಯೂ ಒಂದು ಮಾತು ನಿಜ. ಗೆದ್ದ ಊರಿಗೆ ದೊರೆತ ಕಚೇರಿ ಎಲ್ಲರ ಕಣ್ಣಿಗೂ ಬೀಳುತ್ತದೆ. ಸೋತ ಊರು ತೆತ್ತ ಹಣ ಯಾವ ಸರ್ಕಾರಿ ಲೆಕ್ಕದಲ್ಲಿಯೂ ಬರೆದಿರುವುದಿಲ್ಲ.