ಮೂಲೆಯಿಂದ ಮೆಟ್ಟಿಲಿಳಿಯುವ ಹುಡುಕಾಟ

ಪ್ರಶ್ನೆ: ಅಡ್ಡಸಾಲು, ಕಂಬಸಾಲು ಎರಡೂ ಏರಿಕೆ ಕ್ರಮದಲ್ಲಿರುವ ಮ್ಯಾಟ್ರಿಕ್ಸ್‌ನಲ್ಲಿ ಸಂಖ್ಯೆ ಹುಡುಕಲು ಬಲಮೇಲಿನ ಮೂಲೆಯಿಂದಲೇ ಏಕೆ ಹೊರಡುತ್ತಾರೆ?

ಉತ್ತರ: ಈ ಮ್ಯಾಟ್ರಿಕ್ಸ್‌ನಲ್ಲಿ 15 ಹುಡುಕೋಣ.

```
 3   8  14  21
 5  11  17  26
 9  15  22  30
12  19  27  35
```

ಮೂಲೆಯ 21 ದೊಡ್ಡದಾಯಿತು. ಅದರ ಕೆಳಗಿನವೆಲ್ಲ ಇನ್ನೂ ದೊಡ್ಡವು, ಹಾಗಾಗಿ ಆ ಕಂಬಸಾಲನ್ನೇ ಬಿಟ್ಟು ಎಡಕ್ಕೆ ಸರಿಯಿರಿ. ಅಲ್ಲಿ 14, ಚಿಕ್ಕದು. ಅದರ ಎಡಕ್ಕಿರುವವು ಇನ್ನೂ ಚಿಕ್ಕವು, ಆ ಅಡ್ಡಸಾಲೂ ಮುಗಿಯಿತು. ಕೆಳಗಿಳಿದರೆ 17, ಎಡಕ್ಕೆ 11, ಕೆಳಕ್ಕೆ 15. ಐದೇ ನೋಟ.

ಎಡಮೇಲಿನ 3ರಿಂದ ಹೊರಟಿದ್ದರೆ? ಬಲಕ್ಕೂ ಕೆಳಕ್ಕೂ ಸಂಖ್ಯೆ ಏರುತ್ತದೆ, ಯಾವ ಕಡೆಯನ್ನೂ ಕೈಬಿಡುವಂತಿಲ್ಲ. ಬಲಮೇಲಿನ ಮೂಲೆಯಲ್ಲಿ ಒಂದು ದಿಕ್ಕು ಇಳಿಕೆ, ಇನ್ನೊಂದು ಏರಿಕೆ, ಗುಟ್ಟಿರುವುದು ಅಲ್ಲೇ. ಎಡಕೆಳಗಿನ ಮೂಲೆಗೂ ಈ ಗುಣವಿದೆ.

ಪ್ರತಿ ಹೆಜ್ಜೆಗೂ ಒಂದು ಸಾಲು ಕಳಚುವುದರಿಂದ m ಅಡ್ಡಸಾಲು, n ಕಂಬಸಾಲಿದ್ದರೆ ಹೆಚ್ಚೆಂದರೆ m + n - 1 ನೋಟ. ಸಿಗದೆ ಅಂಚು ದಾಟಿದರೆ ಆ ಸಂಖ್ಯೆ ಅಲ್ಲಿಲ್ಲವೆಂದೇ ಅರ್ಥ.

ಆದರೆ 3 ಅಡ್ಡಸಾಲು, 1 ಲಕ್ಷ ಕಂಬಸಾಲು ಇದ್ದಾಗ ಈ ನಡಿಗೆ ದುಬಾರಿ. ಆಗ ಪ್ರತಿ ಅಡ್ಡಸಾಲಿನಲ್ಲೂ ಬೈನರಿ ಸರ್ಚ್ ಮಾಡಿ, ಸುಮಾರು 51 ಹೋಲಿಕೆಗಳಲ್ಲಿ ಕೆಲಸ ಮುಗಿಯುತ್ತದೆ.