ಮೇಲ್ಕಿವಿ ಕೆಂಪು, ಹಾಲೆ ಮಾತ್ರ ಸರಿ: ಈ ಲಕ್ಷಣ ಕಂಡರೆ ತಡ ಮಾಡಬೇಡಿ

ಕಿವಿಯ ಹಾಲೆಯನ್ನು ಎರಡು ಬೆರಳಲ್ಲಿ ಹಿಡಿದು ಒತ್ತಿ ನೋಡಿ. ಮೆತ್ತಗಿರುತ್ತದೆ, ಹೇಗೆ ಮಡಚಿದರೂ ಮಡಚಿಕೊಳ್ಳುತ್ತದೆ. ಈಗ ಬೆರಳನ್ನು ಅಂಚಿನ ಗುಂಟ ಮೇಲಕ್ಕೆ ಒಯ್ಯಿರಿ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಚರ್ಮದೊಳಗೆ ಬಿರುಸಾದದ್ದೊಂದು ಕೈಗೆ ಸಿಗುತ್ತದೆ. ಮಡಚಿ ಬಿಟ್ಟರೆ ಅದು ತಟ್ಟನೆ ಮೊದಲಿನ ಆಕಾರಕ್ಕೆ ಬರುತ್ತದೆ. ಅದೇ ಮೃದ್ವಸ್ಥಿ, ಪಾರ್ಲರ್‌ನವರು ‘ಕಾರ್ಟಿಲೇಜ್’ ಎನ್ನುವುದು. ಕಿವಿ ಚುಚ್ಚಿಸಿದ ಮೇಲೆ ಗಾಯ ಎಷ್ಟು ದಿನಕ್ಕೆ ಮಾಯುತ್ತದೆ, ನಂಜಾದರೆ ಎಷ್ಟು ಅಪಾಯ, ಯಾವ ಔಷಧ ಕೆಲಸ ಮಾಡುತ್ತದೆ ಎಂಬುದೆಲ್ಲ ಬೆರಳಿಗೆ ಸಿಕ್ಕ ಆ ಗಡಿಯ ಯಾವ ಕಡೆ ಸೂಜಿ ಇಳಿಯಿತು ಎಂಬುದರ ಮೇಲೆ ನಿಂತಿದೆ.

ಹಾಲೆಯಲ್ಲಿ ಇರುವುದು ಕೊಬ್ಬು, ನಾರಿನಂಥ ಅಂಗಾಂಶ ಮತ್ತು ಧಾರಾಳವಾದ ರಕ್ತನಾಳಗಳು. ರೋಗಾಣು ಹೊಕ್ಕರೂ ಅದರ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳು ಅಲ್ಲಿಗೆ ಬೇಗ ತಲುಪುತ್ತವೆ. ಹಾಗಾಗಿ ಹಾಲೆಯ ತೂತು 6ರಿಂದ 8 ವಾರದಲ್ಲಿ ಮಾಯುತ್ತದೆ. ಮೃದ್ವಸ್ಥಿಗೆ ಸ್ವಂತ ರಕ್ತನಾಳಗಳೇ ಇಲ್ಲ. ಅದನ್ನು ಎರಡೂ ಬದಿಯಿಂದ ಅಂಟಿಕೊಂಡಿರುವ ತೆಳುವಾದ ಪೊರೆಯೊಂದಿದೆ, ಅದಕ್ಕೆ ಪೆರಿಕಾಂಡ್ರಿಯಂ ಎಂದು ಹೆಸರು. ಮೃದ್ವಸ್ಥಿಗೆ ಬೇಕಾದ ಆಮ್ಲಜನಕವೂ ಪೋಷಣೆಯೂ ಈ ಪೊರೆಯಿಂದಲೇ ಜಿನುಗಿ ಬರಬೇಕು. ಅಲ್ಲಿ ಮಾಡಿದ ತೂತು ಪೂರ್ತಿ ಮಾಯಲು 4 ತಿಂಗಳಿನಿಂದ ಒಂದು ವರ್ಷದವರೆಗೆ ಬೇಕಾಗುತ್ತದೆ.

ಮೇಲ್ಕಿವಿ ಚುಚ್ಚಿಸುವುದು ನಮಗೆ ಹೊಸದೇನಲ್ಲ. ಬುಗುಡಿ ತೊಡುತ್ತಿದ್ದ ಅಜ್ಜಿಯರ ಕಿವಿಯ ಮೇಲಂಚಿನಲ್ಲಿ ಆ ತೂತು ಇರುತ್ತಿತ್ತು. ಆದರೆ ಕಿವಿ ಚುಚ್ಚುವ ಹಳೆಯ ವಿಧಾನ ಮುಖ್ಯವಾಗಿ ಹಾಲೆಯದು. ಸುಶ್ರುತ ಸಂಹಿತೆಯ ಸೂತ್ರಸ್ಥಾನ ಮಗುವಿನ ಆರು ಅಥವಾ ಏಳನೆಯ ತಿಂಗಳಲ್ಲಿ, ಬಿಸಿಲು ಹಾಯ್ದು ಕಾಣುವ ತೆಳು ಜಾಗವನ್ನು ನೋಡಿ ಚುಚ್ಚಬೇಕೆಂದು ಹೇಳುತ್ತದೆ. ಆ ವಯಸ್ಸು ಇಂದಿನ ಲೆಕ್ಕಕ್ಕೂ ಹೊಂದುತ್ತದೆ: 6, 10 ಮತ್ತು 14ನೇ ವಾರದ ಲಸಿಕೆಗಳು ಮುಗಿದಿದ್ದರೆ ಮಗುವಿಗೆ ಧನುರ್ವಾಯುವಿನ ವಿರುದ್ಧ ರಕ್ಷಣೆ ಸಿಕ್ಕಿರುತ್ತದೆ.

ಹಾಲೆಯ ತೊಂದರೆಗಳು

ಚುಚ್ಚಿಸಿದ ಮೊದಲ ಎರಡು ಮೂರು ದಿನ ಹಾಲೆ ಸ್ವಲ್ಪ ಕೆಂಪಾಗಿ, ಬೆಚ್ಚಗೆ, ಮುಟ್ಟಿದರೆ ನೋಯುವಂತಿರುವುದು ಸಹಜ. ತಿಳಿಯಾದ ಅಥವಾ ಮಾಸಲು ಬಿಳುಪಿನ ರಸಿ ಒಸರಿ, ಓಲೆಯ ಸುತ್ತ ಹಕ್ಕಳೆ ಕಟ್ಟುವುದೂ ಸಹಜವೇ. ಅದು ಕೀವಲ್ಲ. ನೋವು ದಿನದಿಂದ ದಿನಕ್ಕೆ ಇಳಿಯುತ್ತಿದೆಯೋ ಏರುತ್ತಿದೆಯೋ ಎಂಬುದನ್ನು ಗಮನಿಸಿ. ಮೂರು ದಿನ ಕಳೆದ ಮೇಲೂ ನೋವು ಏರುತ್ತಿದ್ದರೆ, ಕೆಂಪು ಹರಡುತ್ತಿದ್ದರೆ, ಹಳದಿ ಅಥವಾ ಹಸಿರು ಬಣ್ಣದ ಮಂದ ಕೀವು ಬಂದರೆ ಅದು ನಂಜು.

ಹಾಲೆಯ ಸಣ್ಣ ನಂಜಿಗೆ ಬಹುತೇಕ ಕಾರಣ ನಮ್ಮ ಚರ್ಮದ ಮೇಲೆಯೇ ಇರುವ ಸ್ಟೆಫೈಲೊಕಾಕಸ್ ರೋಗಾಣು. ಬೆಚ್ಚಗಿನ ಸಲೈನ್‌ನಲ್ಲಿ ಅದ್ದಿದ ಗಾಜ್ ಬಟ್ಟೆಯನ್ನು ದಿನಕ್ಕೆ ಮೂರು ನಾಲ್ಕು ಸಲ ಇಟ್ಟು, ವೈದ್ಯರು ಬರೆದುಕೊಟ್ಟ ಮುಲಾಮು ಹಚ್ಚಿದರೆ ಹೆಚ್ಚಿನವು ಇಳಿಯುತ್ತವೆ. ಹೆದರಿಕೊಂಡು ಓಲೆ ಕಿತ್ತು ಹಾಕಬೇಡಿ. ಹೊಸ ತೂತಿನ ಬಾಯಿ ಬೇಗ ಮುಚ್ಚಿಕೊಳ್ಳುತ್ತದೆ, ಕೀವಿಗೆ ಹೊರದಾರಿಯಿಲ್ಲದೆ ಒಳಗೇ ಕಟ್ಟುತ್ತದೆ. ಎರಡು ದಿನದಲ್ಲಿ ಇಳಿಮುಖ ಕಾಣದಿದ್ದರೆ, ಜ್ವರ ಬಂದರೆ ವೈದ್ಯರ ಬಳಿ ಹೋಗಲೇಬೇಕು.

ಮಕ್ಕಳಲ್ಲಿ ಹೆಚ್ಚು ಕಾಣುವ ಇನ್ನೊಂದು ತೊಂದರೆ, ಓಲೆಯೇ ಹಾಲೆಯೊಳಗೆ ಹುದುಗುವುದು. ಕಳೆದುಹೋದೀತೆಂದು ತಿರುಪನ್ನು ಬಿಗಿಯಾಗಿ ಕೂರಿಸಿರುತ್ತಾರೆ. ಹಾಲೆ ಊದಿದಾಗ ಕಡ್ಡಿಯ ಉದ್ದ ಸಾಲದೆ ತಿರುಪು ಚರ್ಮಕ್ಕೆ ಒತ್ತಿಕೊಂಡು, ಮೆಲ್ಲಗೆ ಒಳಗಿಳಿದು, ಮೇಲೆ ಚರ್ಮ ಮುಚ್ಚುತ್ತದೆ. ಮುಂದಿನಿಂದ ನೋಡಿದರೆ ಓಲೆ ಇದೆ, ಹಿಂದೆ ತಿರುಪೇ ಕಾಣದು. ಮನೆಯಲ್ಲಿ ಎಳೆದು ತೆಗೆಯಲು ಹೋದರೆ ಹಾಲೆ ಸೀಳುತ್ತದೆ. ವೈದ್ಯರು ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ತೆಗೆಯುತ್ತಾರೆ.

ಕೀವು, ನೋವು ಹೆಚ್ಚಿಲ್ಲದೆ ಬರೀ ತುರಿಕೆ, ಸಣ್ಣ ಗುಳ್ಳೆ, ನೀರಿನಂಥ ರಸಿ ಇದ್ದು ಎರಡೂ ಕಿವಿಗಳಲ್ಲಿ ಒಂದೇ ಬಗೆಯಾಗಿದ್ದರೆ ನಂಜಿಗಿಂತ ನಿಕ್ಕಲ್ ಅಲರ್ಜಿಯ ಸಂಭವ ಹೆಚ್ಚು. ಇದಕ್ಕೆ ಆ್ಯಂಟಿಬಯಾಟಿಕ್ ನುಂಗಿ ಪ್ರಯೋಜನವಿಲ್ಲ, ಲೋಹ ಬದಲಾಗಬೇಕು. ಹೊಸ ತೂತಿಗೆ ಒಂದು ಗ್ರಾಂ ಚಿನ್ನದ ಲೇಪನದ ಓಲೆ ಬೇಡ. ಅದರ ತಳದ ಲೋಹದಲ್ಲಿ ನಿಕ್ಕಲ್ ಇರಬಹುದು. ನಿಕ್ಕಲ್ ಬೆರೆಸದ ಚಿನ್ನ ಅಥವಾ ಇಂಪ್ಲಾಂಟ್ ದರ್ಜೆಯ ಟೈಟಾನಿಯಂ ಒಳ್ಳೆಯದು.

ಒರೆಗಾನ್‌ನ ಒಂದು ಮಳಿಗೆ

ಮೇಲ್ಕಿವಿಯ ನಂಜು ಬೇರೆಯೇ ಜಾತಿಯದು ಎಂಬುದನ್ನು ತೋರಿಸಿಕೊಟ್ಟ ಪ್ರಕರಣವೊಂದು ವೈದ್ಯಕೀಯ ದಾಖಲೆಯಲ್ಲಿದೆ. 2000ನೇ ಇಸವಿಯ ಆಗಸ್ಟ್ ಮತ್ತು ಸೆಪ್ಟೆಂಬರ್‌ನಲ್ಲಿ ಅಮೆರಿಕದ ಒರೆಗಾನ್ ರಾಜ್ಯದ ಒಂದು ಸಣ್ಣ ಆಭರಣ ಮಳಿಗೆಯಲ್ಲಿ ಕಿವಿ ಚುಚ್ಚಿಸಿಕೊಂಡವರಲ್ಲಿ 7 ಮಂದಿಗೆ ಒಂದೇ ರೋಗಾಣುವಿನ ಸೋಂಕು ಖಚಿತವಾಯಿತು. ಇನ್ನೂ 18 ಮಂದಿಯಲ್ಲಿ ಅದೇ ಶಂಕೆ ಮೂಡಿತು. ಖಚಿತವಾದವರೆಲ್ಲ 10ರಿಂದ 19 ವರ್ಷದವರು. ರೋಗಾಣು ಸ್ಯೂಡೋಮೊನಾಸ್ ಎರುಜಿನೋಸ. ತನಿಖೆಯ ವರದಿ 2004ರಲ್ಲಿ ‘ಜಾಮಾ’ ವೈದ್ಯಕೀಯ ಪತ್ರಿಕೆಯಲ್ಲಿ ಬಂತು.

ರೋಗಾಣು ಎಲ್ಲಿ ಅಡಗಿತ್ತು ಎಂದು ಹುಡುಕಿದಾಗ ಅದೇ ತಳಿ ಸಿಕ್ಕಿದ್ದು ಹತ್ತಿರದ ಸಿಂಕ್‌ನಲ್ಲಿ ಮತ್ತು ಸೋಂಕುನಿವಾರಕದ ಬಾಟಲಿಯಲ್ಲಿ! ಸ್ಯೂಡೋಮೊನಾಸ್ ತೇವದಲ್ಲಿ ಬಾಳುವ ಜೀವಿ. ನಲ್ಲಿ, ಸಿಂಕ್, ಈಜುಕೊಳಗಳಲ್ಲಿ ಇರುತ್ತದೆ, ಕೆಲವು ಬಗೆಯ ಸೋಂಕುನಿವಾರಕ ದ್ರಾವಣದಲ್ಲೂ ಸಾಯದೆ ಉಳಿಯಬಲ್ಲದು. ಹಾಲೆ ಚುಚ್ಚಿಸಿಕೊಂಡವರಿಗಿಂತ ಮೇಲ್ಕಿವಿ ಚುಚ್ಚಿಸಿಕೊಂಡವರಲ್ಲೇ ಸೋಂಕು ಹೆಚ್ಚಾಗಿ ಕಂಡಿತು.

ನಂಜಾದ ಮೇಲೆ ನಡೆದದ್ದು ಇನ್ನೂ ಮುಖ್ಯ. ಬಹುಪಾಲು ಮಕ್ಕಳಿಗೆ ಮೊದಲು ಸಿಕ್ಕ ಆ್ಯಂಟಿಬಯಾಟಿಕ್‌ಗಳು ಸ್ಯೂಡೋಮೊನಾಸ್ ಮೇಲೆ ಕೆಲಸ ಮಾಡುವಂಥವಾಗಿರಲಿಲ್ಲ. ನಾಲ್ವರು ಆಸ್ಪತ್ರೆ ಸೇರಬೇಕಾಯಿತು, ನಾಲ್ವರಿಗೆ ಕೊಯ್ದು ಕೀವು ತೆಗೆಯಬೇಕಾಯಿತು. ಹಲವರ ಕಿವಿಯ ಆಕಾರವೇ ಕೆಟ್ಟಿತು.

ಆಕಾರ ಕೆಡುವುದು ಹೀಗೆ. ಕೀವು ಪೊರೆಗೂ ಮೃದ್ವಸ್ಥಿಗೂ ನಡುವೆ ಕಟ್ಟಿಕೊಂಡು ಎರಡನ್ನೂ ಬೇರ್ಪಡಿಸುತ್ತದೆ. ಪೋಷಣೆಯ ಏಕೈಕ ದಾರಿ ಕಡಿದುಹೋದ ಮೃದ್ವಸ್ಥಿ ಸಾಯುತ್ತದೆ. ಅದು ಮತ್ತೆ ಬೆಳೆದು ಮೊದಲಿನ ರೂಪಕ್ಕೆ ಬರುವುದಿಲ್ಲ. ಕಿವಿಯ ಮೇಲ್ಭಾಗ ಮುದುಡಿ, ಗಂಟುಗಂಟಾಗಿ ಉಳಿಯುತ್ತದೆ. ಸರಿಪಡಿಸಬೇಕೆಂದರೆ ಪಕ್ಕೆಲುಬಿನ ಮೃದ್ವಸ್ಥಿ ತೆಗೆದು ಕಿವಿ ಕಟ್ಟುವಂಥ ದೊಡ್ಡ ಶಸ್ತ್ರಚಿಕಿತ್ಸೆಯೇ ಬೇಕಾದೀತು.

ಗುರುತಿಸುವುದು ಹೇಗೆ?

ಈ ರೋಗಕ್ಕೆ ಪೆರಿಕಾಂಡ್ರೈಟಿಸ್ ಎನ್ನುತ್ತಾರೆ. ಸಾಮಾನ್ಯವಾಗಿ ಚುಚ್ಚಿಸಿದ ಮೊದಲ ತಿಂಗಳೊಳಗೆ ಕಾಣಿಸಿಕೊಳ್ಳುತ್ತದೆ. ಮೇಲ್ಕಿವಿ ಕೆಂಪಾಗಿ, ಬಿಸಿಯಾಗಿ, ಊದಿ, ಮುಟ್ಟಲೂ ಬಿಡದಷ್ಟು ನೋಯುತ್ತದೆ. ಕಿವಿಯನ್ನು ಮೆಲ್ಲಗೆ ಮುಂದಕ್ಕೆ ಬಗ್ಗಿಸಿದರೆ ಜೀವ ಹೋದಂತಾಗುತ್ತದೆ. ಆದರೆ ಹಾಲೆ ಮಾತ್ರ ಏನೂ ಆಗದಂತೆ ಇರುತ್ತದೆ, ಏಕೆಂದರೆ ಅಲ್ಲಿ ಮೃದ್ವಸ್ಥಿಯಿಲ್ಲ. ಹಾಲೆಯೂ ಸೇರಿ ಇಡೀ ಕಿವಿ ಕೆಂಪಾಗಿದ್ದರೆ ಅದು ಬಹುಶಃ ಚರ್ಮದ ಸೋಂಕು, ಅದಕ್ಕೆ ಔಷಧ ಬೇರೆ.

ಮೆಡಿಕಲ್ ಶಾಪ್‌ನಲ್ಲಿ ಕೇಳಿ ಅಮಾಕ್ಸಿಸಿಲಿನ್ ನುಂಗಿಕೊಂಡು ನಾಲ್ಕು ದಿನ ಕಾಯುವುದು ಇಲ್ಲಿ ದುಬಾರಿಯಾಗುತ್ತದೆ. ಆ ಮಾತ್ರೆ ಸ್ಯೂಡೋಮೊನಾಸ್‌ಗೆ ತಾಗುವುದೇ ಇಲ್ಲ. ಇಎನ್‌ಟಿ ವೈದ್ಯರು ಸಾಮಾನ್ಯವಾಗಿ ಸಿಪ್ರೊಫ್ಲಾಕ್ಸಾಸಿನ್ ಗುಂಪಿನ ಔಷಧದಿಂದ ಶುರು ಮಾಡುತ್ತಾರೆ. ಮಕ್ಕಳಿಗೆ ಯಾವುದು, ಎಷ್ಟು ಎಂಬುದನ್ನು ಅವರೇ ತೂಗಿ ನೋಡಬೇಕು. ಕೀವಿದ್ದರೆ ಲ್ಯಾಬ್‌ಗೆ ಕಳಿಸಿ, ರೋಗಾಣು ಯಾವ ಔಷಧಕ್ಕೆ ಬಗ್ಗುತ್ತದೆಂದು ನೋಡಿ ಬದಲಿಸುತ್ತಾರೆ. ಒತ್ತಿದರೆ ಮೆತ್ತಗೆ ಜಗ್ಗುವ ಉಬ್ಬು ಕಂಡರೆ ಒಳಗೆ ಕೀವು ಕಟ್ಟಿದೆ ಎಂದರ್ಥ. ಆಗ ಮಾತ್ರೆಯೊಂದೇ ಸಾಲದು, ಕೊಯ್ದು ತೆಗೆದು, ಪೊರೆ ಮತ್ತೆ ಅಂಟಿಕೊಳ್ಳುವಂತೆ ಒತ್ತುಕಟ್ಟು ಹಾಕಬೇಕು. ಓಲೆ ತೆಗೆಯಬೇಕೇ ಬೇಡವೇ ಎಂಬುದನ್ನೂ ಆಗ ವೈದ್ಯರೇ ನಿರ್ಧರಿಸುತ್ತಾರೆ.

ತಿಂಗಳುಗಳ ನಂತರ ನೋವಿಲ್ಲದೆ ಬೆಳೆಯುತ್ತ ಹೋಗುವ ಗಟ್ಟಿ ಗಂಟು ನಂಜಲ್ಲ, ಕೀಲಾಯ್ಡ್. ಮನೆತನದಲ್ಲಿ ಯಾರಿಗಾದರೂ ಗಾಯದ ಕಲೆ ಹೀಗೆ ಉಬ್ಬಿ ಬೆಳೆದಿದ್ದರೆ ಮೇಲ್ಕಿವಿ ಚುಚ್ಚಿಸುವ ಯೋಚನೆಯನ್ನೇ ಬಿಡುವುದು ಮೇಲು.

ಮಾಯುವ ತನಕ

ಚುಚ್ಚುವ ಕ್ಷಣದಲ್ಲೇ ಅರ್ಧ ಆರೈಕೆ ಮುಗಿದಿರುತ್ತದೆ. ಮೇಲ್ಕಿವಿಗೆ ಗನ್ ಶಾಟ್ ಬೇಡ. ಪ್ಲಾಸ್ಟಿಕ್ ಗನ್ನನ್ನು ಆಟೋಕ್ಲೇವ್‌ನ ಬಿಸಿ ಹಬೆಯಲ್ಲಿ ಶುದ್ಧಗೊಳಿಸಲಾಗದು, ಅದರ ಮೊಂಡ ಸ್ಟಡ್ ಕೊಯ್ಯುವುದಕ್ಕಿಂತ ಹೆಚ್ಚಾಗಿ ತಳ್ಳಿಕೊಂಡು ಹೋಗುತ್ತದೆ. ನಿಮ್ಮೆದುರೇ ಪೊಟ್ಟಣ ಒಡೆದು ತೆಗೆದ ಒಮ್ಮೆ ಬಳಸುವ ಟೊಳ್ಳು ಸೂಜಿ, ಹೊಸ ಕೈಗವಸು, ಊತಕ್ಕೆ ಜಾಗವಿರುವಷ್ಟು ಉದ್ದದ ಕಡ್ಡಿ ಇರಲಿ.

ಮನೆಯಲ್ಲಿ ಬೇಕಾದದ್ದು ಮೆಡಿಕಲ್ ಶಾಪ್‌ನಲ್ಲಿ ಸಿಗುವ 0.9 ಶೇಕಡಾ ನಾರ್ಮಲ್ ಸಲೈನ್ ಮತ್ತು ಗಾಜ್ ಬಟ್ಟೆ, ಅಷ್ಟೆ. ಸೋಪಿನಿಂದ ಕೈ ತೊಳೆದು, ಗಾಜ್ ನೆನೆಸಿ, ಕಿವಿಯ ಹಿಂದೆ ಮುಂದೆ ಒಂದೆರಡು ನಿಮಿಷ ಹಿಡಿಯಿರಿ. ಹಕ್ಕಳೆ ನೆನೆದು ತಾನೇ ಬಿಡುತ್ತದೆ, ಉಗುರಿನಿಂದ ಕೆರೆಯಬೇಡಿ. ಒಣ ಗಾಜ್‌ನಿಂದ ಒತ್ತಿ ಒರೆಸಿ, ಸ್ನಾನದ ಟವೆಲ್ ಬೇಡ. ದಿನಕ್ಕೆ ಎರಡು ಸಲ ಸಾಕು. ಓಲೆಯನ್ನು ತಿರುಗಿಸುತ್ತ ಇರಬೇಕೆಂಬ ಮಾತನ್ನು ಬಿಡಿ. ಒಳಗೆ ಹೊಸದಾಗಿ ಕೂಡುತ್ತಿರುವ ಚರ್ಮ ಪ್ರತಿ ಸಲವೂ ಹರಿಯುತ್ತದೆ. ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಕೂಡ ಅದೇ ಹೊಸ ಚರ್ಮವನ್ನು ಸುಡುತ್ತವೆ. ಕೊಬ್ಬರಿ ಎಣ್ಣೆಯಲ್ಲಿ ಅರಿಶಿನ ಕಲಸಿ ಮೆತ್ತಿದರೆ ರಸಿ ಹೊರಬರುವ ದಾರಿ ಮುಚ್ಚಿ, ಧೂಳು ಅಂಟುತ್ತದೆ.

ಮೇಲ್ಕಿವಿ ಚುಚ್ಚಿಸಿಕೊಂಡವರು ದಿನಚರಿಯಲ್ಲಿ ಮೂರು ವಿಷಯ ನೋಡಿಕೊಳ್ಳಬೇಕು. ಆ ಬದಿಗೆ ಒರಗಿ ಮಲಗಬಾರದು, ದಿಂಬಿನ ಕವರ್ ಆಗಾಗ ಬದಲಿಸಬೇಕು. ಮಾಯುವ ತನಕ ಈಜುಕೊಳ, ಕೆರೆ, ಹೊಳೆಯಲ್ಲಿ ಮುಳುಗಬಾರದು. ಹೆಲ್ಮೆಟ್ ಹಾಕುವಾಗ, ತೆಗೆಯುವಾಗ ಎರಡೂ ಕೈಯಿಂದ ಅಗಲಿಸಿ ಹಿಡಿಯಬೇಕು, ಒಂದೇ ಎಳೆತಕ್ಕೆ ಕಿವಿಯ ಮೇಲಂಚು ಮಡಚಿಕೊಂಡು ಗಾಯ ಮತ್ತೆ ಹೊಸದಾಗುತ್ತದೆ. ಸಕ್ಕರೆ ಕಾಯಿಲೆ ಇರುವವರು, ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧ ತೆಗೆದುಕೊಳ್ಳುತ್ತಿರುವವರು ಮೊದಲೇ ವೈದ್ಯರನ್ನು ಕೇಳಿ ಮುಂದುವರಿಯಲಿ.

ಮೇಲ್ಕಿವಿ ಊದಿ ಕೆಂಪಾಗಿ ಹಾಲೆ ಮಾತ್ರ ಸರಿಯಿದ್ದರೆ ಅದೇ ದಿನ ಇಎನ್‌ಟಿ ವೈದ್ಯರನ್ನು ಕಾಣಿ. ಕಿವಿ ಯಾವಾಗ, ಎಲ್ಲಿ, ಗನ್ನಿನಿಂದಲೋ ಸೂಜಿಯಿಂದಲೋ ಚುಚ್ಚಿಸಿದ್ದು, ಈಗಾಗಲೇ ಯಾವ ಮಾತ್ರೆ ತೆಗೆದುಕೊಂಡಿದ್ದೀರಿ ಎಂಬುದನ್ನು ಅವರು ಕೇಳುವ ಮೊದಲೇ ಹೇಳಿ.